ಎಚ್-1ಬಿ ಕುಟುಂಬದ ವಲಸೆ ಕಡತ: ಇಂದು ಚಾಲ್ತಿಯಲ್ಲಿರುವ ತಾರೀಖು ಯಾವುದು?

ಅಮೆರಿಕದಲ್ಲಿ ಎಚ್-1ಬಿ ಮೇಲೆ ಕೆಲಸ ಮಾಡುವ ಕನ್ನಡ ಕುಟುಂಬಗಳ ಮನೆಗಳಲ್ಲಿ ವೀಸಾ ಕಾಗದಗಳಿಗೆ ಕೊರತೆಯೇನೂ ಇರುವುದಿಲ್ಲ. ಪಾಸ್‌ಪೋರ್ಟುಗಳು, ಅನುಮೋದನಾ ಪತ್ರಗಳು, ಸಂಬಳದ ಚೀಟಿಗಳು ಎಲ್ಲವೂ ಒಂದು ಚೀಲದಲ್ಲೋ ಮೊಬೈಲಿನ ಫೋಟೋಗಳ ನಡುವೆಯೋ ಸಿಗುತ್ತವೆ. ಸಿಗದಿರುವುದು ಒಂದೇ ಒಂದು ಪ್ರಶ್ನೆಗೆ ಉತ್ತರ: ಈ ಮನೆಯ ಪ್ರತಿಯೊಬ್ಬರೂ ಈ ದೇಶದಲ್ಲಿ ಯಾವ ದಿನದವರೆಗೆ ಇರಬಹುದು? ಗಂಡನನ್ನು ಕೇಳಿದರೆ ವೀಸಾ ಮುಗಿಯುವ ದಿನ ಹೇಳುತ್ತಾನೆ, ಹೆಂಡತಿಯನ್ನು ಕೇಳಿದರೆ ಕಂಪನಿಯ ಅನುಮೋದನೆ ಮುಗಿಯುವ ದಿನ ಹೇಳುತ್ತಾಳೆ. ಎರಡೂ ತಪ್ಪಿರಬಹುದು. ಈ ಪ್ರಶ್ನೆಗೆ ಒಂದು ನಿಮಿಷದಲ್ಲಿ ಸರಿಯುತ್ತರ ಕೊಡಬಲ್ಲ ಕಡತವನ್ನು ಕಟ್ಟುವುದು ಹೇಗೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಅದಕ್ಕೆ ಮೊದಲು ಮೂರು ಕಾಗದಗಳ ಕೆಲಸವನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು.

ಮೊದಲನೆಯದು ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ. ನಮ್ಮವರು ಇದನ್ನು ಪಡೆಯುವುದಕ್ಕೆ ‘ಸ್ಟಾಂಪಿಂಗ್’ ಎನ್ನುತ್ತಾರೆ. ಅಮೆರಿಕದ ವಿಮಾನ ನಿಲ್ದಾಣಕ್ಕೆ ಬಂದು ಒಳಗೆ ಬಿಡಿ ಎಂದು ಕೇಳಲು ಇದು ಬೇಕು. ಒಳಗೆ ಬಂದ ಮೇಲೆ ಇದರ ಕೆಲಸ ಮುಗಿಯಿತು. ದೇಶದೊಳಗೆ ಇರುವಾಗ ವೀಸಾದ ಅವಧಿ ಮುಗಿದರೆ ಅದರಿಂದ ಯಾರೂ ಅಕ್ರಮ ವಾಸಿಯಾಗುವುದಿಲ್ಲ. ಮುಂದಿನ ಸಲ ಹೊರಗೆ ಹೋದಾಗ ಹೊಸದನ್ನು ಪಡೆಯಬೇಕಾಗುತ್ತದೆ, ಅಷ್ಟೆ.

ಎರಡನೆಯದು ಐ-797. ಕಂಪನಿ ಸಲ್ಲಿಸಿದ ಅರ್ಜಿಯನ್ನು ಅಮೆರಿಕದ ವಲಸೆ ಅರ್ಜಿಗಳ ಇಲಾಖೆಯಾದ ಯುಎಸ್‌ಸಿಐಎಸ್ ಒಪ್ಪಿಕೊಂಡಿದೆ ಎಂದು ತಿಳಿಸುವ ಪತ್ರ ಇದು. ಎಚ್-1ಬಿ ಒಮ್ಮೆಗೆ ಹೆಚ್ಚೆಂದರೆ ಮೂರು ವರ್ಷಕ್ಕೆ ಸಿಗುತ್ತದೆ, ಸಾಮಾನ್ಯವಾಗಿ ಒಟ್ಟು ಆರು ವರ್ಷಕ್ಕೆ ಮಿತಿ ಇರುತ್ತದೆ. ಈ ಪತ್ರದಲ್ಲಿ ಎರಡು ಬಗೆ ಇರುವುದನ್ನು ಗಮನಿಸಿ. ಐ-797ಎ ಎಂದಿದ್ದರೆ ಹಾಳೆಯ ಕೆಳಭಾಗದಲ್ಲಿ ಕತ್ತರಿಸಿ ಇಟ್ಟುಕೊಳ್ಳುವಂಥ ಒಂದು ಐ-94 ತುಣುಕು ಇರುತ್ತದೆ. ಐ-797ಬಿ ಎಂದಿದ್ದರೆ ಆ ತುಣುಕು ಇರುವುದಿಲ್ಲ. ಅರ್ಜಿ ಮಂಜೂರಾಗಿದೆ, ಆದರೆ ಇಲ್ಲಿ ಇರುವ ಅವಧಿ ಆ ಪತ್ರದಿಂದಲೇ ಮುಂದಕ್ಕೆ ಹೋಗಿಲ್ಲ ಎಂದು ಅದರ ಅರ್ಥ.

ಮೂರನೆಯದು ಐ-94. ಒಬ್ಬ ವ್ಯಕ್ತಿ ಯಾವ ವರ್ಗದಲ್ಲಿ ಒಳಗೆ ಬಂದ, ಯಾವ ದಿನದವರೆಗೆ ಇರಬಹುದು ಎಂಬುದನ್ನು ಹೇಳುವ ದಾಖಲೆ ಇದೇ. ಹಿಂದೆ ಬಿಳಿಯ ಸಣ್ಣ ಚೀಟಿಯನ್ನು ಪಾಸ್‌ಪೋರ್ಟಿಗೆ ಪಿನ್ ಮಾಡಿ ಕೊಡುತ್ತಿದ್ದರು. 2013ರಿಂದ ವಿಮಾನದಲ್ಲಿ ಬರುವವರಿಗೆ ಅದು ಗಣಕದಲ್ಲಿ ಮಾತ್ರ ಸೃಷ್ಟಿಯಾಗುತ್ತದೆ, ಕೈಗೆ ಏನೂ ಸಿಗುವುದಿಲ್ಲ. `i94.cbp.dhs.gov` ತಾಣಕ್ಕೆ ಹೋಗಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ನಾವೇ ಇಳಿಸಿಕೊಳ್ಳಬೇಕು. ಚೀಟಿ ಕೈಯಲ್ಲಿದ್ದ ಕಾಲದಲ್ಲಿ ಅದರ ಮೇಲಿನ ತಾರೀಖನ್ನು ಎಲ್ಲರೂ ನೋಡುತ್ತಿದ್ದರು. ಈಗ ಹುಡುಕಿದವರಿಗೆ ಮಾತ್ರ ಅದು ಕಾಣುತ್ತದೆ. ಹಾಗಾಗಿ ಮೂರು ಕಾಗದಗಳಲ್ಲಿ ಅತ್ಯಂತ ಮುಖ್ಯವಾದದ್ದೇ ಅತಿ ಹೆಚ್ಚು ಮನೆಗಳ ಕಡತದಲ್ಲಿ ಇಲ್ಲದ ಕಾಗದವೂ ಆಗಿದೆ.

ಒಂದು ಉದಾಹರಣೆಯನ್ನು ತಾರೀಖುಗಳ ಸಮೇತ ನೋಡೋಣ. ಮೈಸೂರಿನ ಒಂದು ಕುಟುಂಬ ಟೆಕ್ಸಾಸಿನಲ್ಲಿದೆ ಎಂದುಕೊಳ್ಳಿ. ಅಪ್ಪ ಎಚ್-1ಬಿ, ಅಮ್ಮ ಮತ್ತು ಮಗಳು ಅವನ ಅವಲಂಬಿತರಾಗಿ ಎಚ್-4. ಅಪ್ಪನ ಐ-797 ಅನುಮೋದನೆ 30 ಸೆಪ್ಟೆಂಬರ್ 2027ರವರೆಗೆ ಇದೆ. ಮೂವರ ಪಾಸ್‌ಪೋರ್ಟಿನಲ್ಲಿಯೂ ಅದೇ ದಿನದವರೆಗಿನ ವೀಸಾ ಇದೆ. ಡಿಸೆಂಬರ್ 2025ರಲ್ಲಿ ಊರಿಗೆ ಹೋಗಿ 5 ಜನವರಿ 2026ರಂದು ಹಿಂತಿರುಗುತ್ತಾರೆ. ಅಧಿಕಾರಿ ಮೂವರನ್ನೂ ಒಟ್ಟಿಗೆ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಒಳಗೆ ಬಿಡುತ್ತಾನೆ. ಮನೆಯವರ ಲೆಕ್ಕದಲ್ಲಿ 2027ರ ಸೆಪ್ಟೆಂಬರಿನವರೆಗೆ ಚಿಂತೆಯಿಲ್ಲ.

ಆದರೆ ಮಗಳ ಪಾಸ್‌ಪೋರ್ಟ್ 20 ಆಗಸ್ಟ್ 2026ಕ್ಕೆ ಮುಗಿಯುತ್ತದೆ. ಭಾರತದಲ್ಲಿ ವಯಸ್ಕರ ಪಾಸ್‌ಪೋರ್ಟ್ ಹತ್ತು ವರ್ಷಕ್ಕಿದ್ದರೆ ಮಕ್ಕಳದ್ದು ಐದೇ ವರ್ಷಕ್ಕೆ. ಹೀಗಾಗಿ ಮನೆಯಲ್ಲಿ ಮೊದಲು ಮುಗಿಯುವುದು ಸಾಮಾನ್ಯವಾಗಿ ಮಗುವಿನ ಪಾಸ್‌ಪೋರ್ಟೇ. ಪಾಸ್‌ಪೋರ್ಟಿನ ಅವಧಿಯನ್ನು ಮೀರಿ ಇರಲು ಬಿಡಬಾರದು ಎಂಬ ಲೆಕ್ಕದಲ್ಲಿ ಅಧಿಕಾರಿ ಅವಳ ಐ-94ರ ಕೊನೆಯ ದಿನವನ್ನು 20 ಆಗಸ್ಟ್ 2026 ಎಂದು ನಮೂದಿಸಿರುತ್ತಾನೆ. ಅಪ್ಪ ಅಮ್ಮನಿಗೆ 2027, ಮಗಳಿಗೆ 2026. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪಾಸ್‌ಪೋರ್ಟಿನ ಮೇಲೆ ಎಚ್ಚರಿಕೆಯ ಗುರುತೂ ಇರುವುದಿಲ್ಲ.

ಮುಂದೆ ಆಗುವುದನ್ನು ನೋಡಿ. ಜುಲೈ 2026ರಲ್ಲಿ ಅಮ್ಮನಿಗೆ ಪಾಸ್‌ಪೋರ್ಟ್ ಮುಗಿಯುತ್ತಿರುವುದು ನೆನಪಾಗಿ ಭಾರತೀಯ ಕಾನ್ಸುಲೇಟಿನ ಅರ್ಜಿ ಕೇಂದ್ರದ ಮೂಲಕ ಹೊಸದನ್ನು ಮಾಡಿಸುತ್ತಾಳೆ. ಹೊಸ ಪಾಸ್‌ಪೋರ್ಟ್ ಬಂತು, ಹಳೆಯದರಲ್ಲಿರುವ ವೀಸಾ ಇನ್ನೂ ಊರ್ಜಿತ, ಎರಡನ್ನೂ ಒಟ್ಟಿಗೆ ಒಯ್ದರೆ ಪ್ರಯಾಣವನ್ನೂ ಮಾಡಬಹುದು. ಎಲ್ಲವೂ ಸರಿಯಾಗಿದೆ ಎಂದೇ ಅನ್ನಿಸುತ್ತದೆ. ಆದರೆ ಹೊಸ ಪಾಸ್‌ಪೋರ್ಟ್ ಬಂದ ಮಾತ್ರಕ್ಕೆ ಹಳೆಯ ಐ-94ರ ತಾರೀಖು ಮುಂದಕ್ಕೆ ಹೋಗುವುದಿಲ್ಲ. ಆಗಸ್ಟ್ 21ರಂದು ಆ ಮಗು, ಶಾಲೆಗೆ ಹೋಗುತ್ತ ಆಟವಾಡುತ್ತ ಇರುವಾಗಲೇ, ಅವಧಿ ಮೀರಿ ಉಳಿದವಳಾಗುತ್ತಾಳೆ. 180 ದಿನ ಮೀರಿದರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಮರುಪ್ರವೇಶವಿಲ್ಲ ಎಂಬ ನಿಷೇಧದ ಲೆಕ್ಕ 18 ತುಂಬದವರಿಗೆ ಓಡುವುದಿಲ್ಲ ಎಂಬುದು ಸಮಾಧಾನ. ಆದರೆ ಇದೇ ತಪ್ಪು ಅಮ್ಮನ ಪಾಸ್‌ಪೋರ್ಟಿನಿಂದ ಆಗಿದ್ದರೆ ಆ ಲೆಕ್ಕ ಪೂರ್ತಿ ಅನ್ವಯಿಸುತ್ತಿತ್ತು. ಅವಧಿ ಮೀರಿ ಉಳಿದವರ ಹಳೆಯ ವೀಸಾವೂ ಕಾನೂನಿನ ಪ್ರಕಾರ ರದ್ದಾಗುತ್ತದೆ.

ಸರಿಪಡಿಸುವ ದಾರಿಗಳು ಇವೆ, ಆದರೆ ಅವೆಲ್ಲ ಆಗಸ್ಟ್ 20ಕ್ಕೆ ಮೊದಲಿನವು. ಹೊಸ ಪಾಸ್‌ಪೋರ್ಟ್ ಪಡೆದು ದೇಶದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದರೆ ಹೊಸ ಐ-94 ಸಿಗುತ್ತದೆ. ಹೊರಗೆ ಹೋಗಲಾಗದಿದ್ದರೆ ಮಗಳ ಹೆಸರಿನಲ್ಲಿ ಐ-539 ಎಂಬ ವಿಸ್ತರಣೆಯ ಅರ್ಜಿಯನ್ನು ಕೊನೆಯ ದಿನದ ಒಳಗೆ ಯುಎಸ್‌ಸಿಐಎಸ್‌ಗೆ ತಲುಪಿಸಬೇಕು. ತೀರ್ಮಾನ ಬರಲು ತಿಂಗಳುಗಳು ಹಿಡಿದರೂ, ಸಮಯಕ್ಕೆ ಸಲ್ಲಿಸಿದ ಅರ್ಜಿ ಬಾಕಿ ಇರುವವರೆಗೆ ಅವಳು ಇಲ್ಲಿರಬಹುದು. ಎಚ್-1ಬಿ ಇರುವವರ ಐ-94ಕ್ಕೇ ಹೀಗಾಗಿದ್ದರೆ ಕಂಪನಿ ಐ-129 ಅರ್ಜಿ ಹಾಕಬೇಕು. ಅಧಿಕಾರಿ ನಿಜವಾಗಿಯೂ ತಪ್ಪು ಬರೆದಿದ್ದರೆ, ಅಂದರೆ ಪಾಸ್‌ಪೋರ್ಟ್ 2031ರವರೆಗೆ ಇದ್ದರೂ ಐ-94 ಬೇಗ ಮುಗಿದಿದ್ದರೆ, ಅಥವಾ ಎಚ್-4 ಬದಲು ಬೇರೆ ವರ್ಗ ನಮೂದಾಗಿದ್ದರೆ, ವಿಮಾನ ನಿಲ್ದಾಣಗಳಲ್ಲಿರುವ, ಗಡಿ ತಪಾಸಣೆಯ ಇಲಾಖೆಯಾದ ಸಿಬಿಪಿಯ ‘ಡಿಫರ್ಡ್ ಇನ್‌ಸ್ಪೆಕ್ಷನ್’ ಕಚೇರಿಯಲ್ಲಿ ತಿದ್ದಿಸಬಹುದು. ಪಾಸ್‌ಪೋರ್ಟಿನ ಕಾರಣಕ್ಕೆ ಕಡಿಮೆಯಾದದ್ದನ್ನು ಅವರು ಬಹುತೇಕ ತಪ್ಪೆಂದು ಒಪ್ಪುವುದಿಲ್ಲ. ಕೊನೆಯ ದಿನ ದಾಟಿಹೋಗಿದ್ದರೆ ಸ್ನೇಹಿತರ ಸಲಹೆ ಕೇಳುತ್ತ ಕೂರಬೇಡಿ, ಅದೇ ವಾರ ವಲಸೆ ವಕೀಲರ ಬಳಿ ಹೋಗಿ.

ಈ ಉದಾಹರಣೆಯಿಂದ ಕಡತಕ್ಕೆ ಬೇಕಾದ ಮೊದಲ ನಿಯಮ ಸಿಗುತ್ತದೆ. ಪ್ರತಿ ಸಲ ದೇಶದೊಳಗೆ ಬಂದ ಮೇಲೆ, ಸೂಟ್‌ಕೇಸ್ ಬಿಚ್ಚುವ ದಿನವೇ, ಮನೆಯ ಪ್ರತಿಯೊಬ್ಬರ ಐ-94 ಅನ್ನು ಬೇರೆಬೇರೆಯಾಗಿ ಇಳಿಸಿಕೊಂಡು `Admit Until Date` ಎಂಬ ಸಾಲನ್ನು ಓದಬೇಕು. ಅಪ್ಪನದನ್ನು ನೋಡಿ ಉಳಿದವರದ್ದೂ ಹಾಗೇ ಇರುತ್ತದೆ ಎಂದುಕೊಳ್ಳುವಂತಿಲ್ಲ. ಆ ತಾಣ ತೋರಿಸುವುದು ಇತ್ತೀಚಿನ ಒಂದು ಐ-94 ಮಾತ್ರ. ಮುಂದಿನ ಪ್ರಯಾಣದ ನಂತರ ಹಳೆಯದು ಅಲ್ಲಿ ಸಿಗುವುದಿಲ್ಲ, ಪ್ರಯಾಣದ ಇತಿಹಾಸದಲ್ಲಿ ಬಂದ-ಹೋದ ದಿನಗಳಷ್ಟೇ ಉಳಿಯುತ್ತವೆ. ಇಂದು ಉಳಿಸದಿದ್ದರೆ ನಾಳೆ ಅದು ಇಲ್ಲ.

ಎರಡನೆಯ ನಿಯಮ ಸ್ವಲ್ಪ ಸೂಕ್ಷ್ಮ. ಅದೇ ಅಪ್ಪನನ್ನು ಒಂದು ವರ್ಷ ಮುಂದಕ್ಕೆ ಒಯ್ಯೋಣ. 2027ರ ಜೂನಿನಲ್ಲಿ ಅವನ ವಿಸ್ತರಣೆ ಮಂಜೂರಾಗಿ 2030ರ ಸೆಪ್ಟೆಂಬರಿನವರೆಗಿನ ಐ-797ಎ ಬರುತ್ತದೆ, ಕೆಳಗೆ ಹೊಸ ಐ-94 ತುಣುಕಿನ ಸಮೇತ. ಈಗ ಸಿಬಿಪಿ ತಾಣದಲ್ಲಿ ನೋಡಿದರೆ ಇನ್ನೂ 2027 ಎಂದೇ ಇರುತ್ತದೆ, ಏಕೆಂದರೆ ಗಡಿಯಲ್ಲಿ ಕೊಟ್ಟದ್ದನ್ನು ಅದು ತೋರಿಸುತ್ತದೆಯೇ ಹೊರತು ಯುಎಸ್‌ಸಿಐಎಸ್ ಅಂಚೆಯಲ್ಲಿ ಕಳಿಸಿದ್ದನ್ನು ಅಲ್ಲ. ಗಾಬರಿಯಾಗಬೇಕಿಲ್ಲ, ಕಾಗದದ ತುಣುಕೇ ಹೊಸದು, ಅದೇ ಚಾಲ್ತಿ. ನಂತರ ನವೆಂಬರಿನಲ್ಲಿ ಅವನು ಊರಿಗೆ ಹೋಗಿ, ಹೊಸ ವೀಸಾ ಪಡೆದು ಹಿಂದಿರುಗುವಾಗ ಅಧಿಕಾರಿ ಯಾವುದೋ ಕಾರಣಕ್ಕೆ 2029 ಎಂದು ನಮೂದಿಸುತ್ತಾನೆ. ಈಗ ಕೈಯಲ್ಲಿರುವ 2030ರ ತುಣುಕನ್ನು ನಂಬಬಹುದೇ? ಇಲ್ಲ. ಸಾಮಾನ್ಯ ನಿಯಮವೆಂದರೆ ಕೊನೆಯದಾಗಿ ನಡೆದ ಕ್ರಮ ಹಿಂದಿನದನ್ನು ಹಿಂದಕ್ಕೆ ಸರಿಸುತ್ತದೆ. ದೂರದ ತಾರೀಖು ಗೆಲ್ಲುವುದಿಲ್ಲ, ತಡವಾಗಿ ಕೊಟ್ಟದ್ದು ಗೆಲ್ಲುತ್ತದೆ.

ಮುಗಿಯುವ ದಿನವೊಂದನ್ನೇ ಬರೆದಿಡುವ ಪಟ್ಟಿ ಸಾಲದು ಎನ್ನುವುದು ಇದಕ್ಕೇ. ಪ್ರತಿ ಕಾಗದದ ಎದುರು ‘ಕೊಟ್ಟ ದಿನ’ ಎಂಬ ಅಂಕಣವೂ ಬೇಕು. ಆ ಅಂಕಣದ ಪ್ರಕಾರ ಸಾಲುಗಳನ್ನು ಜೋಡಿಸಿದರೆ ಪ್ರತಿ ವ್ಯಕ್ತಿಯ ಐ-94ಗಳಲ್ಲಿ ಮೇಲೆ ಬಂದದ್ದೇ ಇಂದು ನಡೆಯುವ ಐ-94. ಉಳಿದವು ಚರಿತ್ರೆ, ಆದರೆ ಅವನ್ನೂ ಅಳಿಸಬಾರದು. ಏಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಇದೇ ಜಾಗದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತೆಗೆದುಹಾಕಬೇಕು. ಅಪ್ಪನ ಎಚ್-1ಬಿ ವಿಸ್ತರಣೆಯಾದರೆ ಅಮ್ಮ-ಮಕ್ಕಳ ಎಚ್-4 ತಾನಾಗಿ ವಿಸ್ತರಣೆಯಾಗುವುದಿಲ್ಲ. ಅವರಿಗೆ ಐ-539 ಬೇರೆ ಹಾಕಬೇಕು, ಅವರ ಅನುಮೋದನೆ ಬೇರೆ ಬರುತ್ತದೆ, ಅವರ ತಾರೀಖು ಬೇರೆ ಇರಬಹುದು. ಕಂಪನಿಯ ವಕೀಲರು ಸಾಮಾನ್ಯವಾಗಿ ಇದನ್ನು ಕೇಳುತ್ತಾರೆ, ಆದರೆ ಕೇಳಿಯೇ ಕೇಳುತ್ತಾರೆ ಎಂದು ನೆಚ್ಚುವಂತಿಲ್ಲ. ಅವರ ಕಕ್ಷಿದಾರ ಕಂಪನಿ, ನಿಮ್ಮ ಮಗಳಲ್ಲ.

ಈಗ ಕಡತದ ಕಟ್ಟಡ. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ಮಾಡಿ, ಮನೆಗೆಲ್ಲ ಸೇರಿದ ಕಾಗದಗಳಿಗೆ, ಅಂದರೆ ಮದುವೆಯ ಪ್ರಮಾಣಪತ್ರ, ತೆರಿಗೆ ವಿವರಗಳಂಥವಕ್ಕೆ, ಇನ್ನೊಂದು ಮಾಡಿ. ಅದರೊಳಗೆ ಮತ್ತೆ ಹತ್ತು ಉಪಫೋಲ್ಡರ್ ಮಾಡುವ ಉತ್ಸಾಹ ಬೇಡ. ಹೆಚ್ಚು ಪೆಟ್ಟಿಗೆಗಳಿದ್ದಷ್ಟೂ ಕಾಗದ ತಪ್ಪು ಪೆಟ್ಟಿಗೆಗೆ ಬೀಳುತ್ತದೆ. ಫೈಲಿನ ಹೆಸರೇ ಎಲ್ಲವನ್ನೂ ಹೇಳುವಂತಿದ್ದರೆ ಸಾಕು: ಮೊದಲು ಕೊಟ್ಟ ದಿನ, ನಂತರ ಕಾಗದದ ಬಗೆ, ವ್ಯಕ್ತಿ, ಕೊನೆಗೆ ಮುಗಿಯುವ ದಿನ.

```
2026-01-05_I94_magalu_kone-2026-08-20.pdf
2021-08-21_passport_magalu_kone-2026-08-20.pdf
2024-07-15_I797A_appa_kone-2027-09-30.pdf
```

ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಗಣಕ ತಾನಾಗಿ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಭಾರತದ ಪಾಸ್‌ಪೋರ್ಟಿನಲ್ಲಿ ದಿನ ಮೊದಲು, ತಿಂಗಳು ನಂತರ. ಅಮೆರಿಕದ ಅನುಮೋದನಾ ಪತ್ರದಲ್ಲಿ ತಿಂಗಳು ಮೊದಲು. ಒಂದು ಪಾಸ್‌ಪೋರ್ಟಿನಲ್ಲಿ 03/08/2026 ಎಂದಿದ್ದರೆ ಅದು ಆಗಸ್ಟ್ 3. ಅದೇ ಅಂಕಿಗಳು ಐ-797ರಲ್ಲಿದ್ದರೆ ಮಾರ್ಚ್ 8. ಅಮೆರಿಕದ ರೀತಿಗೆ ಹೊಂದಿಸಿದ ಕೋಷ್ಟಕದ ತಂತ್ರಾಂಶಕ್ಕೆ ಪಾಸ್‌ಪೋರ್ಟಿನ ತಾರೀಖನ್ನು ಹಾಗೇ ತುಂಬಿದರೆ ಐದು ತಿಂಗಳ ತಪ್ಪು ಸದ್ದಿಲ್ಲದೆ ಒಳಗೆ ಸೇರುತ್ತದೆ. ದಿನ 12ಕ್ಕಿಂತ ಹೆಚ್ಚಿದ್ದಾಗ ಮಾತ್ರ ಅದು ಎದ್ದು ಕಾಣುತ್ತದೆ. ಆದ್ದರಿಂದ ನಿಮ್ಮ ಕಡತದಲ್ಲಿ ಎಲ್ಲೆಡೆ ಒಂದೇ ಕ್ರಮವನ್ನು ಬಳಸಿ.

ಸ್ಕ್ಯಾನ್ ಮಾಡುವಾಗ ಬಣ್ಣದಲ್ಲಿ, 300 ಡಿಪಿಐ ಇಟ್ಟುಕೊಂಡರೆ ಅಕ್ಷರ, ಮುದ್ರೆ ಎರಡೂ ಸ್ಪಷ್ಟವಾಗಿ ಬರುತ್ತವೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳಷ್ಟೇ ಸಾಲವು. ಮುದ್ರೆ ಬಿದ್ದ ಪ್ರತಿ ಪುಟವನ್ನೂ, ಸಾಧ್ಯವಾದರೆ ಖಾಲಿ ಪುಟಗಳನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ. ಐ-797ಎ ಬಂದಾಗ ಕೆಳಗಿನ ತುಣುಕನ್ನು ಕತ್ತರಿಸುವ ಮೊದಲೇ ಇಡೀ ಹಾಳೆಯ ಎರಡೂ ಬದಿಯನ್ನು ಸ್ಕ್ಯಾನ್ ಮಾಡಿ. ಯುಎಸ್‌ಸಿಐಎಸ್‌ನ ಆನ್‌ಲೈನ್ ಅರ್ಜಿಯಲ್ಲಿ ಒಂದೊಂದು ಫೈಲ್ 12 ಎಂಬಿ ಮೀರುವಂತಿಲ್ಲ, ಪಾಸ್‌ವರ್ಡ್ ಹಾಕಿದ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಬೀಗವನ್ನು ಒಂದೊಂದು ಫೈಲಿಗೆ ಹಾಕುವ ಬದಲು ಇಡೀ ಸಂಗ್ರಹಕ್ಕೆ ಹಾಕುವುದು ಒಳ್ಳೆಯದು: ಎರಡು ಹಂತದ ಪರಿಶೀಲನೆ ಇರುವ ಒಂದು ಕ್ಲೌಡ್ ಖಾತೆ, ಜೊತೆಗೆ ಮನೆಯಲ್ಲಿ ಗೂಢಲಿಪೀಕರಿಸಿದ ಒಂದು ಪೆನ್ ಡ್ರೈವ್. ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡ ಪಾಸ್‌ಪೋರ್ಟ್ ಚಿತ್ರಗಳನ್ನು ಸಂಗ್ರಹ ಎಂದುಕೊಳ್ಳಬೇಡಿ. ಅವು ಮಸುಕಾಗಿರುತ್ತವೆ, ಮೊಬೈಲ್ ಕಳೆದುಹೋದರೆ ಯಾರ ಕೈಗಾದರೂ ಸಿಗುತ್ತವೆ.

ಪ್ರತಿ ಫೈಲಿಗೆ ಒಂದು ಸಾಲಿನಂತೆ ಒಂದು ಕೋಷ್ಟಕ ಬೇಕು. ವ್ಯಕ್ತಿ, ಕಾಗದದ ಬಗೆ, ಸಂಖ್ಯೆ, ಕೊಟ್ಟ ದಿನ, ಮುಗಿಯುವ ದಿನ, ನವೀಕರಣದ ಕೆಲಸ ಶುರುಮಾಡುವ ದಿನ, ಮೂಲಪ್ರತಿ ಇರುವ ಜಾಗ. ಇಷ್ಟರ ಜೊತೆಗೆ ‘ಹೆಸರು ಮುದ್ರಣವಾಗಿರುವ ರೀತಿ’ ಎಂಬ ಅಂಕಣವನ್ನು ನಾನು ಒತ್ತಾಯಪೂರ್ವಕವಾಗಿ ಸೇರಿಸುತ್ತೇನೆ, ಏಕೆಂದರೆ ಇದು ನಮ್ಮವರನ್ನು ವಿಶೇಷವಾಗಿ ಕಾಡುವ ವಿಷಯ. ಕರ್ನಾಟಕದಲ್ಲಿ ಬಹಳ ಜನಕ್ಕೆ ಮನೆತನದ ಹೆಸರಿಲ್ಲ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಇರುತ್ತದೆ. ಅಂಕಪಟ್ಟಿಯಲ್ಲಿ ಒಂದು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ಪೂರ್ಣ ಹೆಸರು, ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಮೊದಲ ಹೆಸರು ತಿಳಿಯದು’ ಎಂಬರ್ಥದ `FNU` ಎಂದು ಬರುತ್ತದೆ. ಐ-94 ತಾಣದಲ್ಲಿ ಹುಡುಕಿದಾಗ ದಾಖಲೆ ಸಿಗಲಿಲ್ಲ ಎಂದು ಬಂದರೆ ಬಹಳ ಸಲ ಕಾರಣ ಇದೇ. ವೀಸಾದಲ್ಲಿರುವಂತೆ, ಪಾಸ್‌ಪೋರ್ಟಿನಲ್ಲಿರುವಂತೆ, `FNU` ಸೇರಿಸಿ, ಬಿಟ್ಟು, ಎರಡೂ ಹೆಸರನ್ನು ಒಂದೇ ಜಾಗದಲ್ಲಿ ಹಾಕಿ ಹುಡುಕಬೇಕಾಗುತ್ತದೆ. ಯಾವ ರೀತಿ ಕೊಟ್ಟಾಗ ಸಿಕ್ಕಿತೋ ಅದನ್ನು ಆ ಅಂಕಣದಲ್ಲಿ ಬರೆದಿಟ್ಟರೆ ಮುಂದಿನ ಸಲ ಪರದಾಟವಿಲ್ಲ.

ಇನ್ನು ನೆನಪೋಲೆಗಳ ವಿಷಯ. ಹೆಚ್ಚಿನವರು ಮುಗಿಯುವ ದಿನಕ್ಕೆ ಮೊಬೈಲಿನಲ್ಲಿ ರಿಮೈಂಡರ್ ಇಡುತ್ತಾರೆ. ಅದು ಬಾರಿಸುವ ಹೊತ್ತಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಇಡಬೇಕಾದದ್ದು ಕೆಲಸ ಶುರುಮಾಡಬಹುದಾದ ಮೊದಲ ದಿನಕ್ಕೆ. ಎಚ್-1ಬಿ ವಿಸ್ತರಣೆಯನ್ನು ಅವಧಿ ಮುಗಿಯುವ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು. ಭಾರತದ ಪಾಸ್‌ಪೋರ್ಟನ್ನು ಮುಗಿಯುವ ಒಂದು ವರ್ಷ ಮೊದಲಿನಿಂದ ನವೀಕರಿಸಬಹುದು. ಮುಗಿಯುವ ದಿನ E ಅಂಕಣದಲ್ಲಿದ್ದರೆ, ಐ-94 ಮತ್ತು ಪಾಸ್‌ಪೋರ್ಟಿನ ಕೆಲಸ ಶುರುವಾಗುವ ದಿನ, ಉಳಿದ ದಿನಗಳು ಹೀಗೆ ಸಿಗುತ್ತವೆ:

```
=EDATE(E2,-6)
=EDATE(E3,-12)
=E2-TODAY()
```

ಐ-94ಕ್ಕೆ ನಾನು ಮೂರು ಹಂತ ಇಡಲು ಹೇಳುತ್ತೇನೆ. ಆರು ತಿಂಗಳು ಇರುವಾಗ ‘ಕಂಪನಿಗೆ ಬರೆದು ಕೇಳು’. ನಾಲ್ಕು ತಿಂಗಳು ಇರುವಾಗ ‘ವಕೀಲರು ಕೇಳಿದ ಕಾಗದ ಕೊಟ್ಟಾಯಿತೇ’. ಎರಡು ತಿಂಗಳು ಇರುವಾಗ ‘ಅರ್ಜಿ ತಲುಪಿದ ರಸೀದಿ ಕಡತದಲ್ಲಿ ಇದೆಯೇ’. ಮೂರನೆಯದನ್ನು ರಸೀದಿಯ ಪಿಡಿಎಫ್ ಕಣ್ಣಾರೆ ಕಂಡ ಮೇಲೆಯೇ ಅಳಿಸಬೇಕು, ‘ಹಾಕಿದ್ದೇವೆ’ ಎಂಬ ಮಾತಿನ ಮೇಲಲ್ಲ. ಎಚ್-1ಬಿ ವಿಸ್ತರಣೆ ಸಮಯಕ್ಕೆ ಸಲ್ಲಿಕೆಯಾಗಿದ್ದರೆ ಹಳೆಯ ಅವಧಿ ಮುಗಿದ ಮೇಲೂ ಅದೇ ಕಂಪನಿಯಲ್ಲಿ 240 ದಿನದವರೆಗೆ ಕೆಲಸ ಮುಂದುವರಿಸಬಹುದು. ಆ ರಸೀದಿಯೇ ಅದಕ್ಕೆ ಆಧಾರ.

ಎಚ್-4 ಮೇಲೆ ಕೆಲಸದ ಪರವಾನಗಿ, ಅಂದರೆ ಇಎಡಿ ಕಾರ್ಡ್ ಇರುವವರು ಇನ್ನೂ ಹುಷಾರಾಗಿರಬೇಕು. ಹಿಂದೆ ನವೀಕರಣಕ್ಕೆ ಅರ್ಜಿ ಹಾಕಿದ್ದರೆ ಕಾರ್ಡಿನ ಅವಧಿ ಕೆಲಕಾಲ ತಾನಾಗಿ ಮುಂದುವರಿಯುವ ಸೌಲಭ್ಯ ಅವರಿಗೂ ಇತ್ತು. 30 ಅಕ್ಟೋಬರ್ 2025ರಿಂದ ಸಲ್ಲಿಸಿದ ನವೀಕರಣ ಅರ್ಜಿಗಳಿಗೆ ಆ ಸೌಲಭ್ಯವನ್ನು ತೆಗೆದಿದ್ದಾರೆ. ಹೊಸ ಕಾರ್ಡ್ ಬರದಿದ್ದರೆ ಹಳೆಯದು ಮುಗಿದ ದಿನವೇ ಕೆಲಸ ನಿಲ್ಲಿಸಬೇಕು. ಇಂಥ ಕಾರ್ಡಿನ ಸಾಲಿಗೆ 180 ದಿನ ಮೊದಲಿನ ರಿಮೈಂಡರ್ ಕಡ್ಡಾಯ ಎಂದೇ ತಿಳಿಯಿರಿ.

ತಾರೀಖಿಗೆ ಕಟ್ಟಿದ ರಿಮೈಂಡರ್‌ಗಳಿಗಿಂತಲೂ ಹೆಚ್ಚು ಕೆಲಸಕ್ಕೆ ಬರುವುದು ಪ್ರಯಾಣಕ್ಕೆ ಕಟ್ಟಿದ ರಿಮೈಂಡರ್. ಟಿಕೆಟ್ ಕಾಯ್ದಿರಿಸುವ ಮೊದಲು ಒಂದೇ ಪ್ರಶ್ನೆ: ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟ್, ಐ-797 ಮುಗಿಯುವ ದಿನವನ್ನು ದಾಟಿ ಇದೆಯೇ? ನಮ್ಮ ಉದಾಹರಣೆಯ ಮಗಳ ಪಾಸ್‌ಪೋರ್ಟನ್ನು ಆಗಸ್ಟ್ 2025ರಿಂದಲೇ ನವೀಕರಿಸಬಹುದಿತ್ತು. ಡಿಸೆಂಬರಿನ ಪ್ರಯಾಣಕ್ಕೆ ಹೊಸದನ್ನು ಒಯ್ದಿದ್ದರೆ ಅವಳ ಐ-94 ಕೂಡ ಅಪ್ಪನದರಂತೆ 2027ರವರೆಗೆ ಬರುವ ಸಾಧ್ಯತೆಯೇ ಹೆಚ್ಚಿತ್ತು. ಒಂದು ಸಂಜೆಯ ಲೆಕ್ಕ ತಪ್ಪಿದ್ದಕ್ಕೆ ಅರ್ಜಿ, ಶುಲ್ಕ, ತಿಂಗಳುಗಟ್ಟಲೆ ಆತಂಕ.

ಯಾವ ಕಾಗದದ ಮೇಲೂ ಮುದ್ರಣವಾಗದ ದಿನಗಳೂ ಇವೆ. ಮನೆ ಬದಲಿಸಿದರೆ ಹತ್ತು ದಿನದ ಒಳಗೆ ಎಆರ್-11 ಎಂಬ ನಮೂನೆಯ ಮೂಲಕ ಹೊಸ ವಿಳಾಸ ತಿಳಿಸಬೇಕು, ಮನೆಯ ಪ್ರತಿಯೊಬ್ಬರಿಗೂ. ಮಗುವಿಗೆ 14 ತುಂಬಿದರೆ 30 ದಿನದೊಳಗೆ ವಿದೇಶಿ ಪ್ರಜೆಯಾಗಿ ಮತ್ತೆ ನೋಂದಣಿ ಮಾಡಿಸಿ ಬೆರಳಚ್ಚು ಕೊಡಬೇಕು. ಮಗುವಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ, ಐ-94ರಲ್ಲಿ ಮುಂದಿನ ತಾರೀಖು ಇದ್ದರೂ. ಈ ಹುಟ್ಟುಹಬ್ಬಗಳನ್ನೂ ಕೋಷ್ಟಕದ ಸಾಲುಗಳಾಗಿ ಬರೆಯಿರಿ. 18 ದಾಟಿದವರು ನೋಂದಣಿಯ ದಾಖಲೆಯನ್ನು, ನಮ್ಮ ಸಂದರ್ಭದಲ್ಲಿ ಐ-94ರ ಮುದ್ರಿತ ಪ್ರತಿಯನ್ನು, ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬ ಕಾನೂನೂ ಇದೆ. ಹಾಗಾಗಿ ಹೊಸದು ಬಂದಾಗ ಕಡತದ ಪ್ರತಿಯ ಜೊತೆ ಪರ್ಸಿನಲ್ಲಿರುವ ಪ್ರತಿಯನ್ನೂ ಬದಲಿಸಿ.

ರಿಮೈಂಡರ್‌ಗಳು ಯಾವ ಕ್ಯಾಲೆಂಡರಿನಲ್ಲಿ ಇರುತ್ತವೆ ಎಂಬುದನ್ನು ಸಣ್ಣ ಸಂಗತಿ ಎಂದುಕೊಳ್ಳಬೇಡಿ. ದಿನವಿಡೀ ತೆರೆದಿರುವುದು ಆಫೀಸಿನ ಕ್ಯಾಲೆಂಡರ್ ಆದ್ದರಿಂದ ಬಹಳ ಜನ ಅಲ್ಲೇ ಬರೆದಿಡುತ್ತಾರೆ. ಕೆಲಸ ಹೋದ ದಿನ ಆ ಖಾತೆ ಬೆಳಗ್ಗೆಯೇ ಮುಚ್ಚಿರುತ್ತದೆ, ಸಂಬಳದ ಚೀಟಿಗಳ ತಾಣವೂ ಎಷ್ಟೋ ಕಡೆ ಜೊತೆಗೇ ಮುಚ್ಚುತ್ತದೆ. ಅಲ್ಲಿಂದ 60 ದಿನ ಅಥವಾ ಐ-94 ಮುಗಿಯುವ ದಿನ, ಯಾವುದು ಮೊದಲೋ ಅಷ್ಟರೊಳಗೆ ಬೇರೆ ಕಂಪನಿ ನಿಮ್ಮ ಪರವಾಗಿ ಅರ್ಜಿ ಹಾಕಬೇಕು ಅಥವಾ ಬೇರೆ ವರ್ಗಕ್ಕೆ ಬದಲಾಗಬೇಕು. ಹೊಸ ಕಂಪನಿಯ ವಕೀಲರು ಮೊದಲು ಕೇಳುವುದೇ ಇತ್ತೀಚಿನ ಸಂಬಳದ ಚೀಟಿಗಳು, ಎಲ್ಲ ಐ-797ಗಳು ಮತ್ತು ಐ-94. ಆದ್ದರಿಂದ ಕ್ಯಾಲೆಂಡರ್ ಸ್ವಂತ ಖಾತೆಯದಾಗಿರಲಿ, ಗಂಡ ಹೆಂಡತಿ ಇಬ್ಬರಿಗೂ ಕಾಣುವಂತಿರಲಿ. ಸಂಬಳದ ಚೀಟಿಯನ್ನು ಪ್ರತಿ ತಿಂಗಳೂ, ವಾರ್ಷಿಕ ಡಬ್ಲ್ಯು-2 ಪತ್ರವನ್ನು ಬಂದ ಕೂಡಲೇ ನಿಮ್ಮ ಸಂಗ್ರಹಕ್ಕೆ ಇಳಿಸಿಕೊಳ್ಳಿ. ಗ್ರೀನ್ ಕಾರ್ಡಿನ ಹಾದಿಯಲ್ಲಿದ್ದರೆ ಕಂಪನಿ ನಿಮ್ಮ ಪರವಾಗಿ ಹಾಕುವ ವಲಸೆ ಅರ್ಜಿಯಾದ ಐ-140ರ ಅನುಮೋದನಾ ಪತ್ರದ ಪ್ರತಿಯನ್ನು ಕಂಪನಿಯಿಂದ ಕೆಲಸದಲ್ಲಿರುವಾಗಲೇ ಕೇಳಿ ಪಡೆಯಿರಿ. ಅದರಲ್ಲಿರುವ ಆದ್ಯತಾ ದಿನಾಂಕವೇ ಮುಂದೆ ಕಂಪನಿ ಬದಲಿಸಿದರೂ ಸರದಿಯಲ್ಲಿ ನಿಮ್ಮ ಜಾಗವನ್ನು ಉಳಿಸುವುದು.

ಹಳೆಯ ಕಾಗದಗಳನ್ನು ಏಕೆ ಅಳಿಸಬಾರದು ಎಂದು ಹೇಳಲು ಬಾಕಿ ಇತ್ತು. ಎಚ್-1ಬಿಯ ಆರು ವರ್ಷದ ಲೆಕ್ಕದಲ್ಲಿ ದೇಶದ ಹೊರಗೆ ಕಳೆದ ಪೂರ್ಣ ದಿನಗಳು ಸೇರುವುದಿಲ್ಲ, ಅವನ್ನು ಮರಳಿ ಕೇಳಿ ಪಡೆಯಬಹುದು. ಪ್ರತಿ ವರ್ಷ ಊರಿಗೆ ಬಂದುಹೋಗುವ ಕುಟುಂಬಕ್ಕೆ ಆರು ವರ್ಷದಲ್ಲಿ ಇದು ಹಲವು ತಿಂಗಳಾಗುತ್ತದೆ. ಆದರೆ ಸಾಬೀತು ಮಾಡುವ ಹೊಣೆ ಅರ್ಜಿದಾರರದು. ಅಮೆರಿಕ ಬಿಡುವಾಗ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಇಳಿದಾಗ, ಹೊರಟಾಗ ಬೀಳುವ ಮುದ್ರೆಗಳೇ ನಿಮ್ಮ ಸಾಕ್ಷಿ. ಆ ಮುದ್ರೆಗಳು ಹಳೆಯ ಪಾಸ್‌ಪೋರ್ಟಿನಲ್ಲಿರುತ್ತವೆ, ಆದ್ದರಿಂದ ರದ್ದಾದ ಪಾಸ್‌ಪೋರ್ಟನ್ನು ಎಂದಿಗೂ ಎಸೆಯಬಾರದು. ಬೋರ್ಡಿಂಗ್ ಪಾಸುಗಳು ಶಾಖದಿಂದ ಮುದ್ರಿಸಿದ ಕಾಗದ, ಒಂದೆರಡು ವರ್ಷದಲ್ಲಿ ಅಕ್ಷರ ಮಾಸಿಹೋಗುತ್ತದೆ. ಪ್ರಯಾಣ ಮುಗಿದ ವಾರವೇ ಅವನ್ನು ಸ್ಕ್ಯಾನ್ ಮಾಡಿ.

ಕೊನೆಯದಾಗಿ ಊರಿನಲ್ಲಿರುವ ಕಾಗದಗಳು. ಗ್ರೀನ್ ಕಾರ್ಡಿನ ಅರ್ಜಿಗೆ ಜನನ ಪ್ರಮಾಣಪತ್ರ ಬೇಕು. ತಂದೆ ತಾಯಿಯ ಹೆಸರಿದ್ದು ಮಗುವಿನ ಹೆಸರಿನ ಜಾಗ ಖಾಲಿ ಇರುವ ಹಳೆಯ ಪ್ರಮಾಣಪತ್ರಗಳು ನಮ್ಮಲ್ಲಿ ಸಾಕಷ್ಟಿವೆ. ಜನನ ನೋಂದಣಿಯೇ ಆಗಿಲ್ಲದವರು ನೋಂದಣಿ ಕಚೇರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆದು, ಹುಟ್ಟಿನ ವಿಷಯ ಬಲ್ಲ ಹಿರಿಯರಿಂದ ಪ್ರಮಾಣ ಮಾಡಿದ ಹೇಳಿಕೆ, ಅಂದರೆ ಅಫಿಡವಿಟ್, ಮಾಡಿಸಬೇಕಾಗುತ್ತದೆ. ಕರ್ನಾಟಕದ ಇ-ಜನ್ಮ ತಾಣದಲ್ಲಿ ಈಗ ನೋಂದಣಿಗಳು ಸಿಗುತ್ತವೆ, ಆದರೆ ಹಳೆಯ ದಾಖಲೆಗೆ ಊರಿನ ಕಚೇರಿಗೇ ಹೋಗಬೇಕಾಗಬಹುದು. ಕನ್ನಡದಲ್ಲಿ ಮಾತ್ರ ಇರುವ ಕಾಗದಕ್ಕೆ ಪೂರ್ತಿ ಇಂಗ್ಲಿಷ್ ಅನುವಾದ ಮತ್ತು ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಿದೆ ಎಂಬ ಅನುವಾದಕರ ಸಹಿ ಇರುವ ಹೇಳಿಕೆ ಬೇಕು. ಅಫಿಡವಿಟ್ ಕೊಡಬಲ್ಲ ಅತ್ತೆ, ಮಾವ, ದೊಡ್ಡಪ್ಪಂದಿರು ಗಟ್ಟಿಯಾಗಿರುವಾಗಲೇ ಈ ಕೆಲಸ ಮಾಡಿಸಿ. ಗ್ರೀನ್ ಕಾರ್ಡಿನ ಸರದಿ ಭಾರತೀಯರಿಗೆ ವರ್ಷಗಟ್ಟಲೆ ನಿಲ್ಲುತ್ತದೆ, ಆ ಹೇಳಿಕೆಗೆ ಸಹಿ ಹಾಕಬೇಕಾದವರ ಆಯುಷ್ಯ ಆ ಸರದಿಗಾಗಿ ಕಾಯುವುದಿಲ್ಲ. ಮುಂದಿನ ಸಲ ಊರಿಗೆ ಹೋಗುವ ಪ್ರಯಾಣದ ಸಾಲಿನಲ್ಲೇ ‘ನೋಂದಣಿ ಕಚೇರಿ, ನೋಟರಿ’ ಎಂದು ಎರಡು ದಿನ ಬರೆದಿಟ್ಟುಕೊಳ್ಳಿ.